ತುಪ್ಪದ ಬಿಲ್ಲಲ್ಲಿ 42 ರೂಪಾಯಿ ಜಾಸ್ತಿ: ಒಂದು ಫೋಟೋ, ಒಂದು ಪತ್ರ

2025ರ ನವೆಂಬರ್ 8, ಶನಿವಾರ ಸಂಜೆ ಹಾಸನದಿಂದ ಅಮ್ಮ ವಾಟ್ಸಾಪಲ್ಲಿ ಒಂದು ಬಿಲ್ ಫೋಟೋ ಕಳಿಸಿದ್ರು, ಅದರ ಹಿಂದೇನೇ ಒಂದು ವಾಯ್ಸ್ ಮೆಸೇಜು. "ನೋಡೋ, ಇವ್ನು ಸಾಮಾನಿಗೆ ದುಡ್ಡು ತಗೊಂಡು ಮೇಲೆ ಟ್ಯಾಕ್ಸು ಅಂತ ಇನ್ನೂ ಐವತ್ನಾಲ್ಕು ರೂಪಾಯಿ ಹಾಕವ್ನೆ, ನಂಗ್ ಗೊತ್ತಾಗಲ್ಲ ಅಂದ್ಕಂಡಿದಾನೆ, ನೀನೇ ಒಂದು ಚೆನ್ನಾಗಿ ಪತ್ರ ಬರ್ಕೊಡು, ಜಗಳ ಬೇಡ, ಇಪ್ಪತ್ತು ವರ್ಷದಿಂದ ಅಲ್ಲೇ ತರ್ತಿರೋದು." ಫೋನ್ ಮಾಡಿ ಕೇಳ್ಬಾರ್ದಾ ಅಂದೆ, ಅಂಗಡೀಲಿ ಸಂಜೆ ಹೊತ್ತು ಯಾರ್ ಕೇಳಿಸ್ಕೋತಾರೆ, ಕೌಂಟರಲ್ಲಿರೋ ಹುಡುಗ ಹೂಂ ಅಂತಾನೆ ಮರ್ತುಬಿಡ್ತಾನೆ, ಬರ್ದಿದ್ದು ಕೊಟ್ರೆ ಯಜಮಾನ್ರ ಕೈಗೆ ಹೋಗುತ್ತೆ ಅಂದ್ರು. ಅದೂ ಸರೀನೇ ಅನ್ನಿ.

ಫೋಟೋ ನೋಡಿದ್ರೆ ದೇವರಿಗೇ ಪ್ರೀತಿ. ಬಿಲ್ಲು ಕೈಯಲ್ಲಿ ಹಿಡ್ಕೊಂಡೇ ತೆಗೆದಿದ್ದು, ಮೇಲೆ ಅಂಗಡಿ ಹೆಸರು ಅರ್ಧ ಕಟ್ಟಾಗಿದೆ, ಫ್ಲ್ಯಾಶ್ ಬಿದ್ದು ನಡುವೆ ಒಂದು ಬಿಳಿ ಮಚ್ಚೆ, ಹೆಬ್ಬೆರಳು ಬಿಲ್ ನಂಬರ್ ಮೇಲೆ. ಈ ಅಂಗಡಿ ಬಿಲ್ಲೆಲ್ಲ ಥರ್ಮಲ್ ಪೇಪರು, ಅದರಲ್ಲಿ ಇಂಕೇ ಇರಲ್ಲ, ಬಿಸಿಗೆ ಕಪ್ಪಾಗೋ ಕಾಗದ ಅಷ್ಟೇ, ಹಾಗಾಗಿ ನುಣುಪಾಗಿದ್ದು ಫ್ಲ್ಯಾಶ್ ಹೊಡೆದ್ರೆ ಹೊಳೀತದೆ, ಎಣ್ಣೆ ಕೈ ತಾಗಿದ್ರೆ ಅಕ್ಷರ ಮಾಸುತ್ತೆ, ಬಿಸಿಲಲ್ಲೋ ಒಲೆ ಪಕ್ಕದಲ್ಲೋ ಇಟ್ರೆ ಇಡೀ ಚೀಟಿ ಹಾಳು. ಅದಕ್ಕೇ ಮೊದಲು ಅಮ್ಮಂಗೆ ಹೇಳಿದ್ದು, ಇನ್ನೊಂದ್ ಸಲ ತೆಗೀರಿ, ಬೆಳಿಗ್ಗೆ ಕಿಟಕಿ ಹತ್ರ ಟೇಬಲ್ ಮೇಲೆ ಬಿಲ್ ಹರಡಿ, ಫ್ಲ್ಯಾಶ್ ಆಫ್ ಮಾಡಿ, ನಾಲ್ಕೂ ಮೂಲೆ ಕಾಣೋ ಹಾಗೆ, ಆಮೇಲೆ ಅದನ್ನ ಫೋಟೋ ಥರ ಅಲ್ಲ ಡಾಕ್ಯುಮೆಂಟ್ ಅಂತ ಕಳ್ಸಿ, ಇಲ್ಲಾಂದ್ರೆ ವಾಟ್ಸಾಪ್ ಅದನ್ನ ಕುಗ್ಗಿಸಿ ಅಂಕಿಗಳೆಲ್ಲ ಕಲಸುಮೇಲೋಗರ ಆಗುತ್ತೆ. ಬಿಲ್ ಮೇಲೆ ಪೆನ್ನಲ್ಲಿ ಏನೂ ಗೀಚಬೇಡಿ ಅಂತಾನೂ ಹೇಳ್ದೆ. ಅಷ್ಟರಲ್ಲಿ ಅವರು ಆ 54ಕ್ಕೆ ಒಂದು ಸುತ್ತು ಹಾಕಿ ಆಗಿತ್ತು, ಹೋಗ್ಲಿ ಬಿಡಿ.

ಭಾನುವಾರ ಬೆಳಿಗ್ಗೆ ಬಂದ ಫೋಟೋ ಪರವಾಗಿಲ್ಲ. ಇಷ್ಟಿತ್ತು ಅದರಲ್ಲಿ:

ಸೋನಾ ಮಸೂರಿ ಅಕ್ಕಿ, ಲೂಸ್, 5 ಕೆಜಿ, ದರ 58, ಮೊತ್ತ 290
ತೊಗರಿಬೇಳೆ, ಲೂಸ್, 1 ಕೆಜಿ, ದರ 136, ಮೊತ್ತ 136
ತುಪ್ಪ ಅರ್ಧ ಲೀಟರ್ ಜಾರ್, 2, ಎಂಆರ್‌ಪಿ 336, ದರ 336, ಮೊತ್ತ 672
ಸೂರ್ಯಕಾಂತಿ ಎಣ್ಣೆ 1 ಲೀಟರ್, 2, ದರ 165, ಮೊತ್ತ 330
ಮೈ ಸೋಪು, 4, ದರ 33 (ಅಥವಾ 38), ಮೊತ್ತ ಮಾಸಿದೆ
ಒಟ್ಟು 1560

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಟ್ಯಾಕ್ಸ್ ಲೆಕ್ಕ: 5 ಪರ್ಸೆಂಟ್, ಟ್ಯಾಕ್ಸಬಲ್ 1080, ಸಿಜಿಎಸ್‌ಟಿ 27, ಎಸ್‌ಜಿಎಸ್‌ಟಿ 27. ಅಮ್ಮನ ಐವತ್ನಾಲ್ಕು ಇದೇ.

ಸೋಪಿನ ಸಾಲು ನೋಡಿ. ಥರ್ಮಲ್ ಬಿಲ್ಲಲ್ಲಿ 3 ಮತ್ತೆ 8 ಒಂದೇ ಥರ ಕಾಣೋದು ಮಾಮೂಲು, ಫೋಟೋದಲ್ಲಂತೂ ಇನ್ನೂ ಕಷ್ಟ. ಇಲ್ಲಿ ಕಣ್ಣು ಕಿರಿದು ಮಾಡಿ ನೋಡೋದಕ್ಕಿಂತ ಲೆಕ್ಕ ಮಾಡೋದು ಸುಲಭ. ಸೋಪು 33 ಆದ್ರೆ ನಾಲ್ಕಕ್ಕೆ 132, ಉಳಿದಿದ್ದೆಲ್ಲ ಸೇರಿಸಿದ್ರೆ 290, 136, 672, 330 ಅಂದ್ರೆ 1428, ಅದಕ್ಕೆ 132 ಹಾಕಿದ್ರೆ ಸರಿಯಾಗಿ 1560. 38 ಆಗಿದ್ರೆ 1580 ಆಗ್ಬೇಕಿತ್ತು. ಅಮ್ಮನ ಅಕೌಂಟಿಂದ ಯುಪಿಐಲಿ ಹೋಗಿರೋದೂ 1560. ಅಲ್ಲಿಗೆ ಸೋಪು 33, ಆ ಸಾಲಲ್ಲಿ ತಕರಾರಿಲ್ಲ. ಈ ಕೂಡೋ ಕೆಲಸ ಮಾಡದೇ ನಾನು ಪತ್ರದಲ್ಲಿ "ಸೋಪಿಗೆ 38 ಹಾಕಿದ್ದೀರಿ" ಅಂತ ಬರೆದಿದ್ರೆ ಏನಾಗ್ತಿತ್ತು ಅಂದ್ಕೊಳಿ, ಅವರು ಕಂಪ್ಯೂಟರಲ್ಲಿ ಬಿಲ್ ತೆಗೆದು 33 ತೋರಿಸಿ, ನೋಡಿಮ್ಮಾ ನಿಮ್ಮ ಮಗ ಸರಿಯಾಗಿ ಓದಿಲ್ಲ ಅಂತಿದ್ರು, ಮಿಕ್ಕಿದ್ದನ್ನ ಯಾರೂ ಕೇಳ್ತಾನೂ ಇರಲಿಲ್ಲ.

ಅದೇ ಕೂಡೋ ಲೆಕ್ಕ ಅಮ್ಮನ 54 ರೂಪಾಯಿ ಅನುಮಾನಾನೂ ತೀರಿಸ್ತು. ಸಾಮಾನಿನ ಸಾಲುಗಳನ್ನ ಕೂಡಿದ್ರೇನೇ 1560 ಬಂತಲ್ಲ, ಕಟ್ಟಿದ್ದೂ ಅಷ್ಟೇ, ಅಂದ್ಮೇಲೆ ಟ್ಯಾಕ್ಸು ಮೇಲಿಂದ ಸೇರಿಸಿಲ್ಲ, ಒಳಗೇ ಇದೆ. ತುಪ್ಪ, ಎಣ್ಣೆ, ಸೋಪು ಮೂರೂ ಸೇರಿ 1134, ಅದರಲ್ಲಿ ಸಾಮಾನಿನ ಬೆಲೆ 1080, ಟ್ಯಾಕ್ಸು 54. ಲೂಸ್ ಅಕ್ಕಿ ಬೇಳೆಗೆ ಜಿಎಸ್‌ಟಿ ಇಲ್ಲ, ಅದು 426 ಬೇರೆ. ಎಂಆರ್‌ಪಿ ಅಂದ್ರೇನೇ ಎಲ್ಲ ಟ್ಯಾಕ್ಸೂ ಸೇರಿದ ಬೆಲೆ, ಅದರ ಮೇಲೆ ಜಿಎಸ್‌ಟಿ ಹಾಕಂಗಿಲ್ಲ, ಆದ್ರೆ ಒಳಗೆ ಎಷ್ಟು ಟ್ಯಾಕ್ಸಿದೆ ಅಂತ ಬಿಡಿಸಿ ತೋರಿಸ್ಬೇಕು, ಅಂಗಡಿಯವರು ಮಾಡಿರೋದು ಅದನ್ನೇ. ಸಾಲುಗಳನ್ನ ಕೂಡಿದ್ರೆ 1506 ಬಂದು ಆಮೇಲೆ 54 ಸೇರಿ 1560 ಆಗಿದ್ರೆ ಅಮ್ಮ ಹೇಳಿದ್ದು ನಿಜ ಆಗಿರ್ತಿತ್ತು.

ಅಮ್ಮಂಗೆ ಇದನ್ನ ಹೇಳಿದ್ರೆ ಬೇಜಾರು. "ಹಂಗಾರೆ ಏನೂ ತಪ್ಪಿಲ್ವಾ? ಹೋದ್ ಸಲಕ್ಕಿಂತ ಕಮ್ಮಿ ಆಗುತ್ತೆ ಅಂತ ಟೀವೀಲಿ ಹೇಳಿದ್ರು, ಕಮ್ಮೀನೇ ಆಗಿಲ್ಲ." ಈ ಮಾತಿಗೇ ನಾನು ತುಪ್ಪದ ಸಾಲು ಇನ್ನೊಂದ್ ಸಲ ನೋಡಿದ್ದು. ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿತ್ತಲ್ಲ, 336ನ್ನ 12 ಪರ್ಸೆಂಟ್ ಲೆಕ್ಕದಲ್ಲಿ ಬಿಡಿಸಿದ್ರೆ ಅಚ್ಚುಕಟ್ಟಾಗಿ 300 ರೂಪಾಯಿ ಮೂಲ ಬೆಲೆ ಬರುತ್ತೆ, 5 ಪರ್ಸೆಂಟ್ ಲೆಕ್ಕದಲ್ಲಿ 320 ಬರುತ್ತೆ. 300ಕ್ಕೆ 5 ಪರ್ಸೆಂಟ್ ಹಾಕಿದ್ರೆ 315. ಅಂದ್ರೆ ಹೊಸ ಟ್ಯಾಕ್ಸಿಗೆ ಹಳೇ ಎಂಆರ್‌ಪಿ ಕೂತಿರ್ಬಹುದು. ಇರ್ಬಹುದು ಅಷ್ಟೇ, ಇದು ನನ್ನ ಊಹೆ, ಪತ್ರಕ್ಕೆ ಊಹೆ ಸಾಲಲ್ಲ. ಕಂಪನಿಯವರು ಬೆಲೆ ಎಷ್ಟು ಇಟ್ಟಿದಾರೆ ಅನ್ನೋದು ಜಾರ್ ಮೇಲೆ ಬರೆದಿರುತ್ತೆ, ಬಿಲ್ಲಲ್ಲಲ್ಲ.

"ಅಮ್ಮಾ, ತುಪ್ಪದ ಜಾರ್ ಎರಡೂ ತಗೊಂಡ್ ಬನ್ನಿ, ಎಂಆರ್‌ಪಿ ಎಷ್ಟಿದೆ ಓದಿ."

"ಕನ್ನಡಕ ಹಾಕ್ಕೋತೀನಿ ಇರು... ಮುನ್ನೂರಾ ಹದಿನೈದು. ಇದ್ರಲ್ಲೂ ಮುನ್ನೂರಾ ಹದಿನೈದು."

"ಸ್ಟಿಕ್ಕರ್ ಏನಾದ್ರೂ ಅಂಟಿಸಿದಾರಾ, ಇಲ್ಲಾ ಅಚ್ಚಾಗಿದ್ಯಾ?"

"ಅಚ್ಚಾಗದೆ. ಪ್ಯಾಕ್ ಮಾಡಿರೋದು ಅಕ್ಟೋಬರು."

ಸ್ಟಿಕ್ಕರ್ ಯಾಕೆ ಕೇಳ್ದೆ ಅಂದ್ರೆ, ಟ್ಯಾಕ್ಸ್ ಇಳಿದಾಗ ಮಾರಾಟ ಆಗದೇ ಉಳಿದ ಹಳೇ ಸ್ಟಾಕ್ ಮೇಲೆ ಹೊಸ ಬೆಲೆ ಸ್ಟಿಕ್ಕರ್ ಹಾಕಿ ಮಾರೋಕೆ ಅವಕಾಶ ಇತ್ತು, ಹಾಗಿದ್ದಾಗ ಒಂದೇ ಜಾರಲ್ಲಿ ಎರಡು ಬೆಲೆ ಕಾಣುತ್ತೆ, ಯಾವುದನ್ನ ಓದ್ತಿದೀವಿ ಅಂತ ಗೊತ್ತಿರ್ಬೇಕು. ಇಲ್ಲಿ ಆ ಗೊಂದಲ ಇಲ್ಲ, ಅಕ್ಟೋಬರಲ್ಲಿ ಪ್ಯಾಕಾದ ಜಾರು, ಅಚ್ಚಾದ ಬೆಲೆ 315, ಬಿಲ್ಲಲ್ಲಿ 336. ಒಂದಕ್ಕೆ 21 ಜಾಸ್ತಿ, ಎರಡಕ್ಕೆ 42. ಎಣ್ಣೆ ಪ್ಯಾಕೆಟ್, ಸೋಪಿಂದೂ ಓದಿಸ್ದೆ, ಅವು ಬಿಲ್ಲಿಗೆ ಸರಿಯಾಗಿದ್ವು. ಅಕ್ಕಿ ಬೇಳೆಗೆ ಎಂಆರ್‌ಪಿ ಇಲ್ಲ, 58 ರೂಪಾಯಿ ಜಾಸ್ತಿ ಅಂತ ಅನ್ಸಿದ್ರೆ ಅದು ದುಬಾರಿ ಅಂಗಡಿ ಅನ್ಬಹುದೇ ಹೊರತು ಬಿಲ್ ತಪ್ಪು ಅನ್ನೋಕಾಗಲ್ಲ, ಬೋರ್ಡಲ್ಲಿ ಬೇರೆ ರೇಟ್ ಬರೆದಿದ್ರೆ ಮಾತ್ರ ಬೇರೆ ವಿಷಯ.

ಜಾರ್ ಫೋಟೋಗಳೂ ಬೇಕಿತ್ತು, ಅದರಲ್ಲೂ ಬ್ಯಾಚ್ ನಂಬರ್ ಕಾಣೋ ಹಾಗೆ. ಯಾಕಂದ್ರೆ ಅಂಗಡಿಯವರು ಕೇಳೋ ಮೊದಲ ಪ್ರಶ್ನೆ "ಈ ಜಾರ್ ನಮ್ಮಲ್ಲೇ ತಗೊಂಡಿದ್ದು ಅಂತ ಏನು ಗ್ಯಾರಂಟಿ" ಅಂತ, ಅದು ನ್ಯಾಯವಾದ ಪ್ರಶ್ನೇನೇ. ಅವರ ಶೆಲ್ಫಲ್ಲಿ ಅದೇ ಬ್ಯಾಚಿನ ಜಾರ್ ಇನ್ನೂ ಕೂತಿದ್ರೆ ಮಾತು ಅಲ್ಲಿಗೇ ಮುಗಿಯುತ್ತೆ. ಒಂದು ಜಾರ್ ಅಮ್ಮ ಆಗಲೇ ಒಡೆದಿದ್ರು, ಇನ್ನೊಂದು ಸೀಲ್ ಇದೆ, ಅದನ್ನ ಇತ್ಯರ್ಥ ಆಗೋವರೆಗೆ ಮುಟ್ಟಬೇಡಿ ಅಂದೆ.

ಇನ್ನು ಪತ್ರ. ಮೊದಲ ಡ್ರಾಫ್ಟ್ ನಾನೇ ಬರೆದು ನಾನೇ ಹರಿದೆ. ಅದರಲ್ಲಿ "ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವುದು ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ ಅಪರಾಧ" ಅಂತ ಮೊದಲ ಸಾಲಲ್ಲೇ ಗುಡುಗಿದ್ದೆ. ಸುಳ್ಳೇನಲ್ಲ, 2009ರ ಕಾಯ್ದೆ, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಎರಡೂ ಇವೆ, ಪ್ಯಾಕೆಟ್ ಮೇಲಿರೋ ಬೆಲೆಗಿಂತ ಜಾಸ್ತಿಗೆ ಮಾರಂಗಿಲ್ಲ. ಆದ್ರೆ ಅಮ್ಮ ಓದಿಸಿ ಕೇಳಿ ಒಂದೇ ಮಾತು ಹೇಳಿದ್ರು: "ಇದು ಪತ್ರ ಅಲ್ಲ, ನೋಟೀಸು. ನಾಳೆ ಹಾಲು ತರಕ್ಕೂ ಅಲ್ಲಿಗೇ ಹೋಗ್ಬೇಕು ನಾನು." ಜೊತೆಗೆ ಇಲ್ಲಿ ಯಾರೋ ಬೇಕಂತ ಮಾಡಿದ್ದು ಅನ್ನೋದಕ್ಕೆ ನಮ್ಮ ಹತ್ರ ಏನೂ ಇರಲಿಲ್ಲ. ಬೆಲೆ ಇಳಿದ ಕಾಲದಲ್ಲಿ ಹಳೇ ಸ್ಟಾಕು ಹೊಸ ಸ್ಟಾಕು ಎರಡೂ ಅಂಗಡೀಲಿರುತ್ತೆ, ಪ್ಯಾಕೆಟ್ ಮೇಲಿನ ಬಾರ್‌ಕೋಡು ಎರಡಕ್ಕೂ ಒಂದೇ, ಯಾಕಂದ್ರೆ ಬಾರ್‌ಕೋಡಲ್ಲಿ ಯಾವ ಸಾಮಾನು ಅಂತ ಇರುತ್ತೆ, ಬೆಲೆ ಇರಲ್ಲ. ಸ್ಕ್ಯಾನ್ ಮಾಡಿದಾಗ ಬಿಲ್ಲಿಂಗ್ ಸಾಫ್ಟ್‌ವೇರ್ ಎರಡು ಎಂಆರ್‌ಪಿ ತೋರಿಸಿ ಯಾವುದು ಅಂತ ಕೇಳುತ್ತೆ, ಕ್ಯೂ ಇದ್ದಾಗ ಕೌಂಟರಲ್ಲಿರೋ ಹುಡುಗ ನೋಡ್ದೆ ಎಂಟರ್ ಒತ್ತಿದ್ರೆ ಮೇಲಿರೋ ಬೆಲೆ ಬಿಲ್ಲಿಗೆ ಬೀಳುತ್ತೆ. ಗೆಳೆಯನ ಅಂಗಡೀಲಿ ನಾನೇ ಕೂತಾಗ ಹೀಗೆ ಮಾಡಿದೀನಿ, ಅದಕ್ಕೇ ಗೊತ್ತು.

ಹಾಗಾಗಿ ಎರಡನೇ ಡ್ರಾಫ್ಟಲ್ಲಿ ಕಾನೂನು ತೆಗೆದೆ, ಟ್ಯಾಕ್ಸಿನ ಲೆಕ್ಕ ತೆಗೆದೆ (ಅದು ನಮ್ಮ ಊಹೆಗೆ ಸಹಾಯ ಮಾಡ್ತು, ಅವರಿಗೆ ಬೇಕಾಗಿಲ್ಲ), "ಮೋಸ", "ಹೀಗೆ ಎಷ್ಟು ಜನಕ್ಕೆ ಮಾಡಿದ್ದೀರೋ" ಅನ್ನೋ ಸಾಲೂ ತೆಗೆದೆ. ಉಳಿದಿದ್ದು ಇದು, ಅಮ್ಮನ ಹೆಸರಲ್ಲಿ:

ಹಾಸನ
09-11-2025

ಅಂಗಡಿ ಮಾಲೀಕರಿಗೆ ನಮಸ್ಕಾರಗಳು.

ವಿಷಯ: 08-11-2025ರ ಬಿಲ್ ನಂ. 4417ರಲ್ಲಿ ತುಪ್ಪದ ದರದ ಬಗ್ಗೆ

ನಿನ್ನೆ ಸಂಜೆ ನಿಮ್ಮ ಅಂಗಡಿಯಲ್ಲಿ ದಿನಸಿ ತೆಗೆದುಕೊಂಡು ಯುಪಿಐ ಮೂಲಕ ರೂ. 1560 ಕೊಟ್ಟಿರುತ್ತೇನೆ. ಮನೆಗೆ ಬಂದು ಬಿಲ್ ನೋಡಿದಾಗ ಮೂರನೇ ಸಾಲಿನಲ್ಲಿ ಅರ್ಧ ಲೀಟರ್ ತುಪ್ಪದ ಜಾರ್‌ಗೆ ತಲಾ ರೂ. 336ರಂತೆ ಎರಡಕ್ಕೆ ರೂ. 672 ಎಂದು ಇದೆ. ಎರಡೂ ಜಾರ್‌ಗಳ ಮೇಲೆ ಅಚ್ಚಾಗಿರುವ ಎಂಆರ್‌ಪಿ ರೂ. 315. ಆ ಲೆಕ್ಕದಲ್ಲಿ ರೂ. 630 ಆಗಬೇಕಿತ್ತು, ರೂ. 42 ಹೆಚ್ಚಿಗೆ ಬಂದಿದೆ. ಬಿಲ್ಲಿನ ಉಳಿದ ಸಾಲುಗಳೆಲ್ಲ ಸರಿಯಾಗಿವೆ.

ಹಳೆಯ ದರ ಕಂಪ್ಯೂಟರಿನಲ್ಲಿ ಉಳಿದುಕೊಂಡು ಹೀಗೆ ಆಗಿರಬಹುದು ಎಂದುಕೊಂಡಿದ್ದೇನೆ. ದಯವಿಟ್ಟು ಒಮ್ಮೆ ಪರಿಶೀಲಿಸಿ ರೂ. 42 ಹಿಂದಿರುಗಿಸಬೇಕೆಂದು ಕೋರುತ್ತೇನೆ. ಯುಪಿಐಗೆ ಹಾಕಿದರೂ ಸರಿ, ಮುಂದಿನ ಬಿಲ್ಲಿನಲ್ಲಿ ಕಳೆದರೂ ಸರಿ. ಒಂದು ಜಾರ್ ಸೀಲ್ ಒಡೆಯದೆ ಇಟ್ಟಿದ್ದೇನೆ, ಬೇಕಿದ್ದರೆ ತಂದು ತೋರಿಸುತ್ತೇನೆ. ಶನಿವಾರ ದಿನಸಿಗೆ ಬರುತ್ತೇನೆ, ಅಷ್ಟರೊಳಗೆ ತಿಳಿಸಿದರೆ ಅನುಕೂಲ.

ಜೊತೆಗಿರುವುದು: ಬಿಲ್ಲಿನ ಫೋಟೋ, ಎರಡು ಜಾರ್‌ಗಳ ಎಂಆರ್‌ಪಿ ಮತ್ತು ಬ್ಯಾಚ್ ನಂಬರಿನ ಫೋಟೋ, ಯುಪಿಐ ಪಾವತಿಯ ಸ್ಕ್ರೀನ್‌ಶಾಟ್.

ಇಂತಿ ನಿಮ್ಮ ಹಳೇ ಗಿರಾಕಿ

ಕೆಳಗೆ ಅಮ್ಮನ ಹೆಸರು, ಮನೆ ಇರೋ ರಸ್ತೆ, ಫೋನ್ ನಂಬರು.

"ಉಳಿದ ಸಾಲುಗಳೆಲ್ಲ ಸರಿಯಾಗಿವೆ" ಅನ್ನೋದನ್ನ ತೆಗಿ ಅಂತ ತಂಗಿ ಹೇಳಿದ್ಲು, ಅದ್ಯಾಕೆ ಅವರಿಗೆ ಸರ್ಟಿಫಿಕೇಟು ಅಂತ. ನಾನು ಉಳಿಸ್ಕೊಂಡೆ. ಪೂರ್ತಿ ಬಿಲ್ ಕೂತು ನೋಡಿದಾರೆ, ಸುಮ್ಮನೆ ಒಂದು ಅಂಕಿ ಹಿಡ್ಕೊಂಡು ಬಂದಿಲ್ಲ ಅಂತ ಓದೋರಿಗೆ ಗೊತ್ತಾಗೋದು ಆ ಒಂದು ಸಾಲಿಂದಲೇ. ದುಡ್ಡು ಎರಡು ರೀತೀಲಿ ಕೊಡಬಹುದು ಅಂತ ಬರೆದಿದ್ದೂ ಬೇಕಂತಲೇ, ಸಣ್ಣ ಅಂಗಡಿಯವರಿಗೆ ಕೌಂಟರಲ್ಲಿ ನಾಲ್ಕು ಜನರ ಮುಂದೆ ದುಡ್ಡು ವಾಪಸ್ ಕೊಡೋದು ಅಂದ್ರೆ ಮುಜುಗರ, ಮುಂದಿನ ಬಿಲ್ಲಲ್ಲಿ ಕಳೆಯೋದಾದ್ರೆ ಬೇಗ ಒಪ್ತಾರೆ. ಬಿಲ್ಲಿನ ಫೋಟೋದ ಒಂದು ಕಾಪಿ ಮೇಲೆ ಮೂರನೇ ಸಾಲಿಗೆ ಕೆಂಪು ಗೆರೆ ಎಳೆದು, ಗೆರೆ ಇಲ್ಲದ ಫೋಟೋನೂ ಜೊತೆಗೇ ಇಟ್ಟೆ. ಯುಪಿಐ ಸ್ಕ್ರೀನ್‌ಶಾಟಲ್ಲಿ ಅಕೌಂಟ್ ನಂಬರಿನ ಕೊನೇ ಅಂಕಿಗಳನ್ನ ಮುಚ್ಚಿದೆ, ತಾರೀಕು, ಮೊತ್ತ, ಟ್ರಾನ್ಸಾಕ್ಷನ್ ನಂಬರ್ ಕಂಡ್ರೆ ಸಾಕು.

ಪತ್ರ ವಾಟ್ಸಾಪಲ್ಲೂ ಹೋಯ್ತು, ಒಂದು ಪ್ರಿಂಟ್ ಅಮ್ಮ ಸೋಮವಾರ ಬೆಳಿಗ್ಗೆ ಅಂಗಡಿ ಖಾಲಿ ಇರೋ ಹೊತ್ತಲ್ಲಿ ಯಜಮಾನ್ರ ಕೈಗೇ ಕೊಟ್ಟು ಬಂದ್ರು. ಅವರ ಮೊದಲ ಮಾತು "ಅದು ಹಳೇ ಸ್ಟಾಕ್ ಅಮ್ಮಾ, ಹಳೇ ರೇಟೇ ಇರುತ್ತೆ" ಅಂತ. ಇದು ಬರುತ್ತೆ ಅಂತ ನಂಗೆ ಗೊತ್ತಿತ್ತು, ಅಮ್ಮಂಗೆ ಹೇಳಿಕೊಟ್ಟಿದ್ದೆ, ವಾದ ಮಾಡಬೇಡಿ, ಜಾರ್ ಫೋಟೋದ ಪುಟ ತೋರಿಸಿ ಅಂತ. ಜಾರ್ ಮೇಲೆ 336 ಅಂತ ಅಚ್ಚಾಗಿ ಅದನ್ನ 336ಕ್ಕೇ ಕೊಟ್ಟಿದ್ರೆ ಎಂಆರ್‌ಪಿ ಮೀರಿದ್ರು ಅನ್ನೋಕೆ ಬರ್ತಿರಲಿಲ್ಲ, ಆಗ ಟ್ಯಾಕ್ಸ್ ಇಳಿದಿದ್ದನ್ನ ಯಾಕೆ ಕೊಟ್ಟಿಲ್ಲ ಅಂತ ಬೇರೇನೇ ಕೇಳ್ಬೇಕಿತ್ತು, ಈ ಪತ್ರ ಅಲ್ಲಿಗೆ ಆಗ್ತಿರಲಿಲ್ಲ. ಇಲ್ಲಿ ಅವರು ಫೋಟೋ ನೋಡಿ, ಶೆಲ್ಫಿಂದ ಒಂದು ಜಾರ್ ತೆಗೆದು ಬ್ಯಾಚ್ ನಂಬರ್ ಹೋಲಿಸಿ ನೋಡಿದ್ರಂತೆ, ಅದೇ ಬ್ಯಾಚು. ಆಮೇಲೆ ತಾವೇ ಸ್ಕ್ಯಾನ್ ಮಾಡಿ ನೋಡಿದ್ರೆ ಸ್ಕ್ರೀನ್ ಮೇಲೆ ಎರಡು ಬೆಲೆ, ಮೇಲೆ 336, ಕೆಳಗೆ 315. ಹಳೇ ಸ್ಟಾಕು ಖಾಲಿಯಾಗಿ ಎಷ್ಟೋ ದಿನ ಆಗಿತ್ತು, ಆದ್ರೆ ಕಂಪ್ಯೂಟರಲ್ಲಿ ಇನ್ನೂ ಮೂರು ಜಾರ್ ಉಳಿದಿದೆ ಅಂತ ತೋರಿಸ್ತಿದ್ದರಿಂದ ಆ ಬೆಲೆ ಹೋಗಿರಲಿಲ್ಲ. ಕೌಂಟರ್ ಹುಡುಗನ್ನ ಕರೆದು ಬೈಯೋಕೆ ಶುರು ಮಾಡಿದಾಗ ಅಮ್ಮಾನೇ ತಡೆದ್ರು, ಹೋಗ್ಲಿ ಬಿಡಿ, ಅವನೇನ್ ಮಾಡ್ತಾನೆ ಅಂತ.

42 ರೂಪಾಯಿ ಕೈಗೇ ಕೊಟ್ರು, ನಲವತ್ತು ನೋಟಲ್ಲಿ, ಮಿಕ್ಕ ಎರಡಕ್ಕೆ ಚಿಲ್ರೆ ಇಲ್ಲ ಅಂತ ಚಾಕಲೇಟು ಕೊಡೋಕೆ ಹೋದ್ರಂತೆ, ಅಮ್ಮ ಬೇಡ ಅಂದು ಡ್ರಾ ಹುಡುಕಿಸಿ ಎರಡು ರೂಪಾಯಿ ಕಾಯಿನ್ನೇ ಈಸ್ಕೊಂಡು ಬಂದ್ರು. ಲೆಕ್ಕ ಸರಿ ಮಾಡ್ಬೇಕು ಹಳೇ ಬಿಲ್ ಕೊಡಿ ಅಂದಿದ್ದಕ್ಕೆ ಕೊಟ್ರು, ತುಪ್ಪ ವಾಪಸ್ ಅಂತ ಹಾಕಿ ಮತ್ತೆ 315ಕ್ಕೆ ಹೊಸ ಬಿಲ್ ಮಾಡಿ ಕೊಟ್ಟಿದಾರೆ, ಒಟ್ಟು 1518. ಹಳೇದರ ಫೋಟೋ ನಮ್ಮ ಹತ್ರ ಇದ್ದೇ ಇದೆ. ಅವರು ಒಪ್ಪದೇ ಹೋಗಿದ್ರೆ 1915 ಗ್ರಾಹಕ ಸಹಾಯವಾಣಿಗೋ ಕಾನೂನು ಮಾಪನಶಾಸ್ತ್ರ ಇಲಾಖೆಗೋ ಇದೇ ಫೋಟೋಗಳು, ಇದೇ ಪತ್ರದ ಕಾಪಿ ಹೋಗ್ತಿತ್ತು, ಹೊಸದಾಗಿ ಏನೂ ಬರೀಬೇಕಾಗಿರಲಿಲ್ಲ.

ಹೊಸ ಬಿಲ್ಲಿನ ಫೋಟೋನೂ ಅಮ್ಮ ಕಳಿಸಿದ್ರು, ಈ ಸಲ ಟೇಬಲ್ ಮೇಲೆ ಹರಡಿ, ನಾಲ್ಕೂ ಮೂಲೆ ಕಾಣೋ ಹಾಗೆ. ಟ್ಯಾಕ್ಸು ಈಗ 26 ಮತ್ತೆ 26. ಅದರ ಕೆಳಗೆ ಒಂದು ವಾಯ್ಸ್ ಮೆಸೇಜು: "ತುಪ್ಪದ್ದು ಕೊಟ್ರು ಸರಿ. ಈ ಐವತ್ತೆರಡು ಮಾತ್ರ ಒಳಗದೆ ಅಂತೀಯಲ್ಲ, ಒಳಗಿದ್ರೆ ಹೊರಗ್ಯಾಕೆ ಬರ್ದವ್ರೆ?"